ಸರಾಸರಿ ಗೊತ್ತು, ಹೊಸದಾಗಿ ಸೇರಿದ್ದು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿತ ಹೇಳಿಕೊಡುವವರಿಗೆ ಈ ಲೆಕ್ಕ ತಪ್ಪಿದ್ದಲ್ಲ. ಕೆಲವು ಸಂಖ್ಯೆಗಳ ಸರಾಸರಿ ಕೊಟ್ಟಿರುತ್ತಾರೆ. ಆಮೇಲೆ ಇನ್ನೊಂದು ಸಂಖ್ಯೆ ಬಂದು ಸೇರುತ್ತದೆ, ಸರಾಸರಿ ಬದಲಾಗುತ್ತದೆ. ಬಂದು ಸೇರಿದ್ದು ಎಷ್ಟು ಅಂತ ಕೇಳುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎಫ್‌ಡಿಎ ಎಸ್‌ಡಿಎ ಪರೀಕ್ಷೆಗೆ ಕೂತಿರುವವರು, ಕ್ರಿಕೆಟ್ ಹುಚ್ಚಿನವರು, ಎಲ್ಲರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ನನ್ನನ್ನು ಕೇಳಿದ್ದಾರೆ. ಆ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಹೆಜ್ಜೆ

ಸರಾಸರಿ ಮಾತ್ರ ಕೊಟ್ಟಿದ್ದಾರೆ ಸಾರ್, ಸಂಖ್ಯೆಗಳನ್ನೇ ಕೊಟ್ಟಿಲ್ಲ. ಹೇಗೆ ಶುರು ಮಾಡೋದು?

ಒಂದೊಂದು ಸಂಖ್ಯೆಯೂ ಬೇಕಿಲ್ಲ. ಅವುಗಳ ಮೊತ್ತ ಸಿಕ್ಕರೆ ಸಾಕು. ಆ ಮೊತ್ತ ಸರಾಸರಿಯ ಒಳಗೇ ಅಡಗಿ ಕೂತಿರುತ್ತದೆ. ಮೊತ್ತವನ್ನು ಎಣಿಕೆಯಿಂದ ಭಾಗಿಸಿದಾಗ ಸರಾಸರಿ ಬಂತು, ಅಲ್ವಾ? ಹಾಗಾದರೆ ಸರಾಸರಿಯನ್ನು ಎಣಿಕೆಯಿಂದ ಗುಣಿಸಿದರೆ ಮೊತ್ತ ವಾಪಸ್ ಬರುತ್ತದೆ.

ಒಂದು ಲೆಕ್ಕ ಮಾಡೋಣ. ತೋಟದಲ್ಲಿ 9 ತೆಂಗಿನ ಮರ ಇವೆ. ಈ ಸಲ ಕಾಯಿ ಕೆಡವಿದಾಗ ಮರಕ್ಕೆ ಸರಾಸರಿ 20 ಕಾಯಿ ಬಂತು. ಆಮೇಲೆ ಬಾವಿ ಪಕ್ಕದ ಮರವನ್ನೂ ಲೆಕ್ಕಕ್ಕೆ ಸೇರಿಸಿದರು. ಸರಾಸರಿ 22ಕ್ಕೆ ಏರಿತು. ಬಾವಿ ಪಕ್ಕದ ಮರ ಎಷ್ಟು ಕಾಯಿ ಕೊಟ್ಟಿತು?

ಮೊದಲಿನ ಮೊತ್ತ 20 × 9 = 180. ಈಗ ಮರಗಳು 10, ಸರಾಸರಿ 22. ಹೊಸ ಮೊತ್ತ 22 × 10 = 220. ನಡುವೆ ಬಂದು ಸೇರಿದ್ದು ಒಂದೇ ಮರ. ಹಾಗಾಗಿ 220 − 180 = 40 ಕಾಯಿ ಆ ಮರದ್ದೇ.

ಒಟ್ಟು ಮೂರು ಹೆಜ್ಜೆ: ಹಳೆಯ ಮೊತ್ತ, ಹೊಸ ಮೊತ್ತ, ಎರಡರ ವ್ಯತ್ಯಾಸ. ಮುಂದಿನ ಪ್ರಶ್ನೆಗಳಲ್ಲೂ ಈ ತೋಟಕ್ಕೆ ಆಗಾಗ ವಾಪಸ್ ಬರುತ್ತೇನೆ.

ಸೂತ್ರ ಬೇಡ, ಮಗುಗೆ ಕಣ್ಣಿಗೆ ಕಾಣೋ ಹಾಗೆ ತೋರಿಸೋಕೆ ಆಗುತ್ತಾ?

ಆಗುತ್ತದೆ. ಒಂದು ಹಿಡಿ ಹುಣಸೆ ಬೀಜ ಇದ್ದರೆ ಸಾಕು. ನಾನು ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ ಹೀಗೇ ಮಾಡುತ್ತೇನೆ.

ನಾಲ್ಕು ಮಕ್ಕಳ ಮುಂದೆ 3, 8, 4, 9 ಬೀಜಗಳ ಗುಡ್ಡೆ ಇಡಿ. ಜಾಸ್ತಿ ಇರುವವರು ಕಡಿಮೆ ಇರುವವರಿಗೆ ಕೊಟ್ಟು ಸಮ ಮಾಡಿಕೊಳ್ಳಲಿ. ಎಲ್ಲರ ಹತ್ತಿರ 6 ಬೀಜ ಬರುತ್ತದೆ. ಸರಾಸರಿ ಅಂದರೆ ಇದೇ, ಸಮ ಮಾಡಿಕೊಂಡ ಮೇಲೆ ಒಬ್ಬೊಬ್ಬರ ಪಾಲು.

ಈಗ ಐದನೆಯವಳು ಬರಲಿ. ಅವಳ ಬೀಜಗಳು ಬಟ್ಟಲಿನ ಕೆಳಗೆ ಮುಚ್ಚಿರಲಿ, ಯಾರೂ ನೋಡಬಾರದು. ಅವಳು ಬಟ್ಟಲ ಕೆಳಗಿನಿಂದ ಒಂದೊಂದೇ ತೆಗೆದು ಹಂಚುತ್ತಾಳೆ. ಎಲ್ಲರಿಗೂ 7 ಆದಾಗ ನಿಲ್ಲಿಸುತ್ತಾಳೆ. ಬಟ್ಟಲ ಕೆಳಗೂ 7 ಉಳಿದಿದೆ ಎಂದು ಹೇಳುತ್ತಾಳೆ. ಅವಳು ತಂದಿದ್ದು ಎಷ್ಟು?

ಮಕ್ಕಳು ಇದನ್ನು ಬೆರಳು ಮಡಚಿಯೇ ಹೇಳುತ್ತಾರೆ. ನಾಲ್ಕು ಜನಕ್ಕೆ ಒಂದೊಂದು ಕೊಟ್ಟಳು, ಅದು 4. ತನಗೆ 7 ಉಳಿಸಿಕೊಂಡಳು. 7 + 4 = 11. ಮೊತ್ತದ ದಾರಿಯಲ್ಲಿ ಮಾಡಿದರೂ ಅಷ್ಟೇ: 35 − 24 = 11.

ಈ ಆಟದಲ್ಲಿ ಒಂದು ಮಾತು ಮಕ್ಕಳ ಮನಸ್ಸಿಗೆ ನಾಟುತ್ತದೆ. ಹೊಸಬಳು ಸರಾಸರಿಯನ್ನು ಒಂದು ಏರಿಸಬೇಕಾದರೆ ಒಂದು ಬೀಜ ಜಾಸ್ತಿ ತಂದರೆ ಸಾಲದು. ಮೊದಲಿನಿಂದ ಕೂತಿರುವ ಪ್ರತಿಯೊಬ್ಬರಿಗೂ ಒಂದೊಂದು ತರಬೇಕು.

20 ಮತ್ತು ಇನ್ನೊಂದು ಸಂಖ್ಯೆಯ ನಡುವೆ 22 ಬಂದಿದೆ ಅಂದ್ರೆ ಆ ಸಂಖ್ಯೆ 24 ತಾನೇ?

ಅಲ್ಲ. ಆದರೆ ಹೀಗೆ ಬರೆಯುವವರು ತುಂಬಾ ಜನ ಇದ್ದಾರೆ. ಯಾಕೆ ಹೀಗಾಗುತ್ತದೆ ಅಂತ ನೋಡೋಣ.

20 ಮತ್ತು 24ರ ಸರಾಸರಿ 22 ನಿಜ. ಅದು ಎರಡು ಮರ ಇದ್ದಾಗಿನ ಮಾತು, 20 ಕಾಯಿಯ ಒಂದು ಮರ, 24 ಕಾಯಿಯ ಒಂದು ಮರ. ನಮ್ಮ ತೋಟದಲ್ಲಿ 20ರ ಕಡೆ ಒಂಬತ್ತು ಮರ ನಿಂತಿವೆ. 24 ಕಾಯಿಯ ಮರ ಒಂದು ಬಂದು ಸೇರಿದರೆ ಮೊತ್ತ 204 ಆಗುತ್ತದೆ, ಹತ್ತು ಮರಕ್ಕೆ ಹಂಚಿದರೆ 20.4. ಸರಾಸರಿ ಸ್ವಲ್ಪವೇ ಅಲುಗಾಡಿತು.

ಒಂಬತ್ತು ಮರಗಳನ್ನೂ ತಲಾ 2 ಕಾಯಿ ಮೇಲಕ್ಕೆ ಎಳೆಯಬೇಕು. ಅದಕ್ಕೆ 18 ಕಾಯಿ ಬೇಕು. ಹೊಸ ಮರ ಆ 18ನ್ನು ಕೊಟ್ಟ ಮೇಲೂ ತಾನು 22ರಲ್ಲಿ ಇರಬೇಕು. ಅದಕ್ಕೇ 40. ಪಟ್ಟಿ ಉದ್ದವಾದಷ್ಟೂ ಒಂದು ಸಂಖ್ಯೆಯಿಂದ ಸರಾಸರಿಯನ್ನು ಅಲುಗಾಡಿಸುವುದು ಕಷ್ಟ.

ಗುಣಿಸುವಾಗ 9 ಹಾಕಬೇಕಾ 10 ಹಾಕಬೇಕಾ? ಯಾವಾಗಲೂ ಗೊಂದಲ ಆಗುತ್ತೆ.

ಹಳೆಯ ಸರಾಸರಿಗೆ ಹಳೆಯ ಎಣಿಕೆ, ಹೊಸ ಸರಾಸರಿಗೆ ಹೊಸ ಎಣಿಕೆ. ಒಂದು ಸಂಖ್ಯೆ ಸೇರಿದೆ ಅಂದ ಮೇಲೆ ಹೊಸ ಎಣಿಕೆ ಒಂದು ಜಾಸ್ತಿ ಇರಲೇಬೇಕು.

ಇಲ್ಲಿ ತಪ್ಪಿದರೆ ಆ ತಪ್ಪಿಗೆ ಒಂದು ಗುರುತು ಇರುತ್ತದೆ. ಮಕ್ಕಳ ಪುಸ್ತಕ ತಿದ್ದುವಾಗ ನಾನು ಅದನ್ನೇ ನೋಡುತ್ತೇನೆ. ಎರಡೂ ಕಡೆ 9 ಹಾಕಿದ್ದರೆ 22 × 9 − 20 × 9 = 18 ಬರುತ್ತದೆ. ಸರಿ ಉತ್ತರಕ್ಕಿಂತ ಸರಿಯಾಗಿ 22 ಕಡಿಮೆ, ಅಂದರೆ ಹೊಸ ಸರಾಸರಿಯಷ್ಟು ಕಡಿಮೆ. ಹೊಸ ಮರವನ್ನು ಎಣಿಸಲು ಮರೆತಿದ್ದಾರೆ, ಅದರ ಪಾಲಿನ 22 ಕಾಯಿ ಬಿಟ್ಟುಹೋಗಿದೆ. ಎರಡೂ ಕಡೆ 10 ಹಾಕಿದ್ದರೆ 220 − 200 = 20. ಇದು 20 ಕಡಿಮೆ, ಅಂದರೆ ಹಳೆಯ ಸರಾಸರಿಯಷ್ಟು. ಇನ್ನೂ ಬಂದಿರದ ಮರಕ್ಕೆ ಮೊದಲೇ 20 ಕಾಯಿ ಕಟ್ಟಿದ್ದಾರೆ.

ಹಾಗಾಗಿ ಉತ್ತರ ಪುಸ್ತಕದ ಉತ್ತರಕ್ಕಿಂತ ಎಷ್ಟು ಕಡಿಮೆ ಬಂತು ಅಂತ ನೋಡಿ. ಅದು ಎರಡರಲ್ಲಿ ಒಂದು ಸರಾಸರಿಗೆ ಸಮ ಇದ್ದರೆ ತಪ್ಪಿದ್ದು ಎಣಿಕೆಯಲ್ಲಿ. ಕೂಡುವ ಕಳೆಯುವ ತಪ್ಪಲ್ಲ.

ಪರೀಕ್ಷೆಯಲ್ಲಿ ಉತ್ತರ ಪುಸ್ತಕ ಇರಲ್ಲ. ನನ್ನ ಉತ್ತರ ಸರಿಯಾ ಅಂತ ಹೇಗೆ ನೋಡಿಕೊಳ್ಳೋದು?

ಮೊದಲು ದಿಕ್ಕು ನೋಡಿ. ಸರಾಸರಿ ಏರಿದ್ದರೆ ಹೊಸ ಸಂಖ್ಯೆ ಹೊಸ ಸರಾಸರಿಗಿಂತ ದೊಡ್ಡದಾಗಿರಲೇಬೇಕು. ಇಳಿದಿದ್ದರೆ ಚಿಕ್ಕದಾಗಿರಬೇಕು. ಸರಾಸರಿ ಅಲುಗಾಡದೇ ಇದ್ದರೆ ಬಂದ ಸಂಖ್ಯೆ ಆ ಸರಾಸರಿಗೇ ಸಮ. ತೋಟದ ಲೆಕ್ಕದಲ್ಲಿ 18 ಅಂತಲೋ 20 ಅಂತಲೋ ಬಂದರೆ ಅಲ್ಲೇ ಗೊತ್ತಾಗುತ್ತದೆ. 22ಕ್ಕಿಂತ ಕಡಿಮೆ ಕೊಟ್ಟ ಮರ ಸರಾಸರಿಯನ್ನು 22ಕ್ಕೆ ಏರಿಸುವುದು ಹೇಗೆ?

ಆಮೇಲೆ ವಾಪಸ್ ಹಾಕಿ ನೋಡಿ. 180ಕ್ಕೆ 40 ಕೂಡಿಸಿ 10ರಿಂದ ಭಾಗಿಸಿದರೆ 22 ಬಂತಾ? ಬಂತು. 24 ಅನ್ನುವ ತಪ್ಪು ಉತ್ತರ ದಿಕ್ಕಿನ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಆದರೆ ಇದರಲ್ಲಿ ಸಿಕ್ಕಿಬೀಳುತ್ತದೆ.

## ಸ್ವಲ್ಪ ಮುಂದೆ

ಪಟ್ಟಿಯಲ್ಲೇ ಒಂದು ಸಂಖ್ಯೆ ಕಾಣೆ, ಅದರ ಮೇಲೆ ಇನ್ನೊಂದನ್ನು ಬೇರೆ ಸೇರಿಸಿದ್ದಾರೆ. ಯಾವುದನ್ನು ಮೊದಲು ಹುಡುಕಲಿ?

ಯಾವ ಸರಾಸರಿ ಯಾವ ಪಟ್ಟಿಯದ್ದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಹಾಲಿನ ಲೆಕ್ಕದ ಪುಸ್ತಕ ಇದೆ ಅಂದುಕೊಳ್ಳಿ. ಐದು ದಿನ ಡೇರಿಗೆ ಹಾಕಿದ ಹಾಲು 12, 9, ?, 14, 10 ಲೀಟರ್. ಮೂರನೇ ದಿನದ ಮೇಲೆ ನೀರು ಚೆಲ್ಲಿ ಅಂಕಿ ಅಳಿಸಿಹೋಗಿದೆ. ಐದು ದಿನದ ಸರಾಸರಿ 11 ಅಂತ ಕೆಳಗೆ ಬರೆದಿದೆ.

ಮೊತ್ತ 11 × 5 = 55 ಆಗಬೇಕು. ಕಾಣುವ ನಾಲ್ಕನ್ನು ಕೂಡಿದರೆ 45. ಅಳಿಸಿಹೋಗಿದ್ದು 10 ಲೀಟರ್. ಆರನೇ ದಿನ 17 ಲೀಟರ್ ಹಾಕಿದ್ದರೆ ಮೊತ್ತ 72, ಸರಾಸರಿ 12.

ಈಗ ಪ್ರಶ್ನೆಯನ್ನು ತಿರುಗಿಸೋಣ. ಆರನೇ ದಿನದ ಅಂಕಿಯೂ ಇಲ್ಲ, ಆದರೆ ಆರು ದಿನದ ಸರಾಸರಿ 12 ಅಂತ ಕೊಟ್ಟಿದ್ದಾರೆ. ಎಷ್ಟೋ ಮಕ್ಕಳು ಮೂರನೇ ದಿನದ್ದು ಸಿಗದೆ ಆರನೇ ದಿನದ್ದು ಸಿಗಲ್ಲ ಅಂದುಕೊಳ್ಳುತ್ತಾರೆ. ಅದು ಬೇಕಾಗಿಯೇ ಇಲ್ಲ. 12 × 6 − 11 × 5 = 72 − 55 = 17. ಕಾಣೆಯಾದ ದಿನ ಆ 55ರ ಒಳಗೇ ಇದೆ, ಅದು 10 ಆಗಿದ್ದರೇನು, 8 ಆಗಿದ್ದರೇನು, ಆರನೇ ದಿನಕ್ಕೆ ಅದರ ಗೊಡವೆ ಇಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಕೈಚೆಲ್ಲಬೇಕು. ಎರಡು ಅಂಕಿ ಕಾಣೆ, ಕೊಟ್ಟಿರುವುದು ಕೊನೆಯ ಸರಾಸರಿ ಒಂದೇ. ಆಗ 72 − 45 = 27 ಅಂತ ಎರಡರ ಮೊತ್ತ ಸಿಗುತ್ತದೆ. 10 ಮತ್ತು 17 ಇರಬಹುದು, 13 ಮತ್ತು 14 ಇರಬಹುದು. ಒಂದು ಸರಾಸರಿಯಿಂದ ಒಂದೇ ಸಂಖ್ಯೆ ಹುಡುಕಲು ಆಗುವುದು.

ಸ್ಪರ್ಧಾತ್ಮಕ ಪರೀಕ್ಷೆಗೆ ಶಾರ್ಟ್‌ಕಟ್ ಇದೆಯಾ?

ಇದೆ. ಹುಣಸೆ ಬೀಜದ ಆಟವನ್ನೇ ಬರೆದಿಟ್ಟರೆ ಅದೇ ಶಾರ್ಟ್‌ಕಟ್:

```
ಹೊಸ ಸಂಖ್ಯೆ = ಹೊಸ ಸರಾಸರಿ + ಹಳೆಯ ಎಣಿಕೆ × ಏರಿಕೆ
```

ತೋಟಕ್ಕೆ ಹಾಕಿ ನೋಡಿ: 22 + 9 × 2 = 40. ದೊಡ್ಡ ಗುಣಾಕಾರ ಇಲ್ಲ, ಬಾಯಲ್ಲೇ ಮುಗಿಯುತ್ತದೆ. ಸರಾಸರಿ ಇಳಿದಿದ್ದರೆ ಕೂಡಿಸುವ ಬದಲು ಕಳೆಯಿರಿ. 20 ಇದ್ದದ್ದು 19 ಆಗಿದ್ದರೆ 19 − 9 × 1 = 10 ಕಾಯಿ.

ಇದನ್ನೇ ಹಳೆಯ ಸರಾಸರಿಯಿಂದ ಶುರು ಮಾಡಿಯೂ ಬರೆಯುತ್ತಾರೆ: 20 + 10 × 2 = 40. ಅಲ್ಲಿ ಗುಣಿಸುವುದು ಹೊಸ ಎಣಿಕೆಯಿಂದ. ಎರಡೂ ಸರಿ, ಎರಡನ್ನು ಬೆರೆಸಿದರೆ ಕೆಟ್ಟಿತು. ನನ್ನ ಸಲಹೆ ಮೊದಲನೆಯದನ್ನೇ ಇಟ್ಟುಕೊಳ್ಳಿ ಅಂತ. ತನ್ನ ಪಾಲು ಉಳಿಸಿಕೊಂಡು ಹಳಬರಿಗೆ ಹಂಚಿದಳು ಅನ್ನುವ ಚಿತ್ರ ನೆನಪಿದ್ದರೆ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಉತ್ತರ ಮೈನಸ್‌ನಲ್ಲಿ ಬಂತು. ನಾನು ತಪ್ಪು ಮಾಡಿದ್ದೇನಾ?

ಏನನ್ನು ಅಳೆಯುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 5 ಸಂಖ್ಯೆಗಳ ಸರಾಸರಿ 8, ಆರನೆಯದು ಸೇರಿದ ಮೇಲೆ 6. ಆಗ 36 − 40 = −4. ಬರೀ ಸಂಖ್ಯೆಗಳಾದರೆ ಇದು ಸರಿ. ಚಳಿ ಪ್ರದೇಶದ ಉಷ್ಣಾಂಶವಾದರೂ ಸರಿ, ಅಂಗಡಿಯ ಲಾಭ ನಷ್ಟವಾದರೂ ಸರಿ. ಕಾಯಿ, ಲೀಟರ್, ವಯಸ್ಸು ಆಗಿದ್ದರೆ ಮಾತ್ರ ಎಲ್ಲೋ ತಪ್ಪಿದೆ.

ಸೊನ್ನೆಗಿಂತ ಕೆಳಗೆ ಹೋಗದ ವಸ್ತುಗಳಲ್ಲಿ ಸರಾಸರಿ ಒಂದೇ ಸಲಕ್ಕೆ ಎಷ್ಟು ಇಳಿಯಬಹುದು ಅನ್ನುವುದಕ್ಕೂ ಮಿತಿ ಇದೆ. ನಮ್ಮ ಬಾವಿ ಪಕ್ಕದ ಮರ ಒಂದು ಕಾಯಿಯನ್ನೂ ಕೊಡಲಿಲ್ಲ ಅನ್ನಿ. ಮೊತ್ತ 180ರಲ್ಲೇ ನಿಂತಿತು, ಮರ ಹತ್ತಾಯಿತು, ಸರಾಸರಿ 18. ಅದಕ್ಕಿಂತ ಕೆಳಗೆ ಇಳಿಯಲು ದಾರಿಯೇ ಇಲ್ಲ. ಪ್ರಶ್ನೆಯಲ್ಲಿ 17 ಅಂತ ಇದ್ದರೆ ಪ್ರಶ್ನೆಯೇ ತಪ್ಪು.

ಎಸ್‌ಎಸ್‌ಎಲ್‌ಸಿಯಲ್ಲಿ ಐದು ವಿಷಯದ ಸರಾಸರಿ 84. ಒಟ್ಟು 85% ಬರೋಕೆ ಕನ್ನಡದಲ್ಲಿ ಎಷ್ಟು ಬೇಕು?

ಈ ಪ್ರಶ್ನೆ ಕೇಳಿದ ತಾಯಿ ಲೆಕ್ಕ ಮಾಡಿಕೊಂಡೇ ಬಂದಿದ್ದರು. 85 × 6 − 84 × 5 = 510 − 420 = 90. "125ಕ್ಕೆ 90 ತಾನೇ, ಬಂದೇ ಬರುತ್ತೆ" ಎಂದು ನಿರಾಳವಾಗಿದ್ದರು. ಲೆಕ್ಕದ ದಾರಿ ಸರಿ ಇತ್ತು, ಅದು ಈ ಪಟ್ಟಿಗೆ ಹೊಂದುತ್ತಿರಲಿಲ್ಲ.

ಮೊದಲ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಅನ್ನುವ ಲೆಕ್ಕ ಅದು. ಆರೂ ವಿಷಯ ಒಂದೇ ಅಳತೆಯಲ್ಲಿ ಇಲ್ಲ. ಆದ್ದರಿಂದ 6ರಿಂದ ಗುಣಿಸುವ ಹಾಗಿಲ್ಲ. ಹೊಸ ಮೊತ್ತವನ್ನು 625ರ ಮೇಲೆ ತೆಗೆಯಬೇಕು.

625ರಲ್ಲಿ 85% ಅಂದರೆ 531.25. ಐದು ವಿಷಯದಿಂದ ಬಂದಿರುವುದು 84 × 5 = 420. ಬಾಕಿ 111.25. ಕಾಲು ಅಂಕ ಅಂತ ಇಲ್ಲದ ಕಾರಣ ಕನ್ನಡದಲ್ಲಿ 112 ಬೇಕು. ಬರೀ 90 ತೆಗೆದಿದ್ದರೆ ಒಟ್ಟು 510, ಅದು 81.6%. ಮೂರೂವರೆ ಪರ್ಸೆಂಟ್‌ನಷ್ಟು ಕೆಳಗೆ.

ಅದೇ ತಾಯಿ 90% ಆಗುತ್ತದಾ ಅಂತಲೂ ಕೇಳಿದರು. 562.5 − 420 = 142.5. ಕನ್ನಡಕ್ಕೆ ಇರುವುದೇ 125. ಹೀಗೆ ಬಂದಾಗ ಲೆಕ್ಕ ತಪ್ಪಿಲ್ಲ. ಉಳಿದಿರುವ ಒಂದು ವಿಷಯದಿಂದ ಆ ಗುರಿ ಮುಟ್ಟಲು ಆಗಲ್ಲ ಅಂತ ಲೆಕ್ಕವೇ ಹೇಳುತ್ತಿದೆ. ಅವರಿಗೂ ಹಾಗೆಯೇ ಹೇಳಿದೆ. 112ರ ಕಡೆ ನೋಡೋಣ ಅಂತ ಮಗನನ್ನು ಕರೆದುಕೊಂಡು ಹೋದರು.

## ಆಳಕ್ಕೆ

ಬ್ರಾಡ್ಮನ್‌ಗೆ 4 ರನ್ ಬೇಕಿತ್ತು ಅಂತಾರಲ್ಲ, ಆ 4 ಎಲ್ಲಿಂದ ಬಂತು?

ಕಾಣೆಯಾದ ಸಂಖ್ಯೆಯ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತರಗತಿಯಲ್ಲಿ ಇದನ್ನು ತೆಗೆದರೆ ಕೊನೆ ಬೆಂಚಿನವರೂ ಮುಂದಕ್ಕೆ ಬಗ್ಗುತ್ತಾರೆ.

1948ರ ಆಗಸ್ಟ್ 14, ಲಂಡನ್ನಿನ ಓವಲ್ ಮೈದಾನ. ಡಾನ್ ಬ್ರಾಡ್ಮನ್ ಅವರ ಕೊನೆಯ ಟೆಸ್ಟ್. ಅವರು ಕ್ರೀಸಿಗೆ ಬಂದಾಗ ಅವರ ಟೆಸ್ಟ್ ರನ್ 6996. ಅಲ್ಲಿಯವರೆಗೆ ಔಟ್ ಆಗಿದ್ದು 69 ಸಲ. ಸರಾಸರಿ 101.39. ಆ ಇನಿಂಗ್ಸ್‌ನಲ್ಲಿ ಔಟ್ ಆದರೆ ಎಣಿಕೆ 70 ಆಗುತ್ತದೆ. 70 ಸಲ ಔಟ್ ಆದ ಮೇಲೂ ಸರಾಸರಿ 100 ಇರಬೇಕಾದರೆ ಮೊತ್ತ 7000 ಆಗಬೇಕು. 7000 − 6996 = 4. ಅಷ್ಟೇ.

ಶಾರ್ಟ್‌ಕಟ್‌ನಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. 69 ಸಲಕ್ಕೆ ತಲಾ 100 ಅಂದರೆ 6900. ಅವರ ಹತ್ತಿರ 6996 ಇತ್ತು. 100ರ ಮೇಲೆ 96 ರನ್ ಗಂಟು ಕಟ್ಟಿಟ್ಟುಕೊಂಡು ಬಂದಿದ್ದರು. ಎಪ್ಪತ್ತನೆಯ ಸಲದ ನೂರಕ್ಕೆ ಆ 96 ಹಾಕಿದರೆ ಬಾಕಿ 4.

ಎರಿಕ್ ಹಾಲಿಸ್ ಎಸೆದ ಎರಡನೇ ಎಸೆತಕ್ಕೇ ಬ್ರಾಡ್ಮನ್ ಬೌಲ್ಡ್ ಆದರು, ಸೊನ್ನೆಗೆ. ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ ಬರೀ 52ಕ್ಕೆ ಆಲೌಟ್ ಆಗಿತ್ತು. ಆಸ್ಟ್ರೇಲಿಯಾ ಇನಿಂಗ್ಸ್ ಮತ್ತು 149 ರನ್‌ಗಳಿಂದ ಗೆದ್ದಿತು. ಎರಡನೇ ಸಲ ಬ್ಯಾಟ್ ಹಿಡಿಯುವ ಅವಕಾಶವೇ ಬರಲಿಲ್ಲ. 6996 ÷ 70 = 99.94 ಅಂತ ಅಲ್ಲೇ ನಿಂತಿತು.

ಅವರು ಆಡಿದ್ದು 80 ಇನಿಂಗ್ಸ್ ಅಲ್ವಾ? 70 ಯಾಕೆ?

ಬ್ಯಾಟಿಂಗ್ ಸರಾಸರಿಯಲ್ಲಿ ರನ್ನನ್ನು ಭಾಗಿಸುವುದು ಔಟ್ ಆದ ಸಲಗಳಿಂದ, ಆಡಿದ ಇನಿಂಗ್ಸ್‌ಗಳಿಂದ ಅಲ್ಲ. ಬ್ರಾಡ್ಮನ್ 80 ಇನಿಂಗ್ಸ್‌ನಲ್ಲಿ 10 ಸಲ ನಾಟ್ ಔಟ್. ಉಳಿದಿದ್ದು 70.

ಇದರಿಂದ ನಮ್ಮ ಲೆಕ್ಕಕ್ಕೆ ಒಂದು ತೊಡಕು ಬರುತ್ತದೆ. ನಾಟ್ ಔಟ್ ಇನಿಂಗ್ಸ್ ಸೇರಿದರೆ ಮೊತ್ತ ಏರುತ್ತದೆ, ಎಣಿಕೆ ಏರುವುದಿಲ್ಲ. ಬ್ರಾಡ್ಮನ್ ಆ ದಿನ 4 ರನ್ ಹೊಡೆದು ಔಟ್ ಆಗದೇ ಉಳಿದಿದ್ದರೆ ಸರಾಸರಿ 7000 ÷ 69, ಅಂದರೆ 101.45 ಆಗುತ್ತಿತ್ತು. ಇಲ್ಲಿ ಹೊಸ ಸಂಖ್ಯೆ 4, ಹಳೆಯ ಸರಾಸರಿ 101.39. ತನಗಿಂತ ಎಷ್ಟೋ ಚಿಕ್ಕ ಸಂಖ್ಯೆ ಬಂದರೂ ಸರಾಸರಿ ಏರಿತು. ಮೇಲೆ ಹೇಳಿದ ದಿಕ್ಕಿನ ಪರೀಕ್ಷೆ ಇಲ್ಲಿ ಕೆಲಸ ಮಾಡುವುದಿಲ್ಲ.

ಕ್ರಿಕೆಟ್ ಪ್ರಶ್ನೆ ಬಂದರೆ ಆಟಗಾರ ಔಟ್ ಆದನೋ ಇಲ್ಲವೋ ಅಂತ ಮೊದಲು ಓದಿ. ಪರೀಕ್ಷೆಯ ಪ್ರಶ್ನೆಗಳಲ್ಲಿ "ಪ್ರತಿ ಇನಿಂಗ್ಸ್‌ಗೆ ಸರಾಸರಿ" ಅಂತ ಇರುತ್ತದೆ ಅಥವಾ "ಒಂದು ಸಲವೂ ನಾಟ್ ಔಟ್ ಆಗಿಲ್ಲ" ಅಂತ ಬರೆದಿರುತ್ತಾರೆ. ಈ ತೊಡಕು ತಪ್ಪಿಸಲೆಂದೇ ಆ ಸಾಲು ಇರುವುದು.

101.39 ಮತ್ತು 99.94 ಹಾಕಿ ಮಾಡಿದೆ. ಕೊನೆಯ ಇನಿಂಗ್ಸ್‌ಗೆ ಮೈನಸ್ ರನ್ ಬಂತು! ಎಲ್ಲಿ ತಪ್ಪಿತು?

ನಿಮ್ಮ ಗುಣಾಕಾರ ತಪ್ಪಿಲ್ಲ. 99.94 × 70 = 6995.8. 101.39 × 69 = 6995.91. ಕಳೆದರೆ −0.11. ಮೈನಸ್ ರನ್ ಅಂತ ಇಲ್ಲ, ಆದರೆ ಲೆಕ್ಕ ಹಾಗೇ ಬರುತ್ತದೆ.

ಕೊಟ್ಟಿರುವ ಸರಾಸರಿಗಳು ಬಾಲ ಕತ್ತರಿಸಿದವು. ನಿಜವಾದದ್ದು 99.942857... ಮತ್ತು 101.391304... ಆ ಕತ್ತರಿಸಿದ ಚೂರನ್ನು ನೀವು 70ರಿಂದ, 69ರಿಂದ ಗುಣಿಸಿದ್ದೀರಿ. ಸಣ್ಣ ಚೂರು ದೊಡ್ಡದಾಯಿತು.

ಸರಿಮಾಡುವ ದಾರಿ ಸುಲಭ. ರನ್ ಯಾವಾಗಲೂ ಪೂರ್ಣ ಸಂಖ್ಯೆ. ಆದ್ದರಿಂದ ಕಳೆಯುವ ಮೊದಲೇ ಪ್ರತಿ ಮೊತ್ತವನ್ನೂ ಹತ್ತಿರದ ಪೂರ್ಣ ಸಂಖ್ಯೆಗೆ ತನ್ನಿ. 6995.8 ಅಂದರೆ 6996. 6995.91 ಅಂದರೂ 6996. ವ್ಯತ್ಯಾಸ 0. ಓವಲ್‌ನಲ್ಲಿ ಬಂದ ಸೊನ್ನೆ ಅದೇ.

ಇದು ಯಾವಾಗ ನಂಬಬಹುದು? ಎರಡು ದಶಮಾಂಶದವರೆಗೆ ಸರಾಸರಿ ಕೊಟ್ಟಿದ್ದರೆ ಅದರಲ್ಲಿ ಹೆಚ್ಚೆಂದರೆ 0.005 ತಪ್ಪಿರುತ್ತದೆ. ಎಣಿಕೆ 100ಕ್ಕಿಂತ ಕಡಿಮೆ ಇದ್ದರೆ ಗುಣಿಸಿದ ಮೇಲೂ ತಪ್ಪು ಅರ್ಧಕ್ಕಿಂತ ಕಡಿಮೆ. ಹತ್ತಿರದ ಪೂರ್ಣ ಸಂಖ್ಯೆ ಒಂದೇ ಇರುತ್ತದೆ, ಅದೇ ನಿಜವಾದ ಮೊತ್ತ. ಒಂದೇ ದಶಮಾಂಶ ಕೊಟ್ಟಿದ್ದರೆ ಎಣಿಕೆ 10ಕ್ಕಿಂತ ಕಡಿಮೆ ಇರಬೇಕು.

ಆದರೆ ಎತ್ತರ, ತೂಕ ಪೂರ್ಣ ಸಂಖ್ಯೆ ಇರಲ್ಲವಲ್ಲ. ಆಗ?

ಆಗ ಒಂದೇ ಉತ್ತರ ಸಿಗುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತ ಸಿಗುತ್ತದೆ. 40 ಮಕ್ಕಳ ಎತ್ತರದ ಸರಾಸರಿ 142.3 ಸೆಂಟಿಮೀಟರ್. ಹೊಸ ಹುಡುಗಿ ಸೇರಿದ ಮೇಲೆ 142.5. ಲೆಕ್ಕ ಮಾಡಿದರೆ 5842.5 − 5692 = 150.5.

ಎರಡೂ ಸರಾಸರಿಗಳಲ್ಲಿ 0.05ರಷ್ಟು ಆಚೀಚೆ ಇರಬಹುದು. ಒಂದನ್ನು 41ರಿಂದ, ಇನ್ನೊಂದನ್ನು 40ರಿಂದ ಗುಣಿಸಿದ್ದೀರಿ. ಎರಡೂ ಸೇರಿ 4.05. ಅಂದರೆ ಹುಡುಗಿಯ ಎತ್ತರ 146.45ರಿಂದ 154.55ರ ನಡುವೆ ಎಲ್ಲಿಯಾದರೂ ಇರಬಹುದು. 150.5 ಅಂತ ಖಚಿತವಾಗಿ ಬರೆದರೆ ಅದು ಇಲ್ಲದ ನಿಖರತೆ.

ಹಾಗಾಗಿ ಮೂಲ ಮೊತ್ತ ಕೈಗೆ ಸಿಗುವಂತಿದ್ದರೆ ಅದನ್ನೇ ತೆಗೆದುಕೊಳ್ಳಿ. ಸರಾಸರಿಯಿಂದ ಹಿಂದಕ್ಕೆ ಹೋಗುವುದು ಮೊತ್ತ ಸಿಗದೇ ಇದ್ದಾಗ ಮಾತ್ರ.

ಹೊಸ ಸಂಖ್ಯೆ ಕೊಟ್ಟಿದ್ದಾರೆ, ಎರಡೂ ಸರಾಸರಿ ಕೊಟ್ಟಿದ್ದಾರೆ. ಮೊದಲು ಎಷ್ಟು ಇದ್ದವು ಅಂತ ಕೇಳಿದ್ದಾರೆ.

ಅದೇ ಲೆಕ್ಕದ ಇನ್ನೊಂದು ಮಗ್ಗುಲು. ವಠಾರದ ಮನೆಗಳ ಕರೆಂಟ್ ಬಿಲ್ ಸರಾಸರಿ 600 ರೂಪಾಯಿ. 1160 ರೂಪಾಯಿ ಬಿಲ್ ಬರುವ ಮನೆಯೊಂದು ಸೇರಿದ ಮೇಲೆ 640.

ಹೊಸ ಮನೆ ತನ್ನ ಪಾಲು 640 ಇಟ್ಟುಕೊಂಡರೆ ಉಳಿಯುವುದು 520. ಅದು ಹಳೆಯ ಮನೆಗಳಿಗೆ ತಲಾ 40ರಂತೆ ಹಂಚಿಹೋಗಿದೆ. 520 ÷ 40 = 13 ಮನೆ. ಭಾಗಾಕಾರ ಪೂರ್ತಿ ಆಗದೆ 12.7 ಅಂತ ಬಂದರೆ ಸರಾಸರಿಗಳು ಬಾಲ ಕತ್ತರಿಸಿದವು ಅಥವಾ ಅಂಕಿ ಯಾವುದೋ ತಪ್ಪಾಗಿದೆ.

ಎಕ್ಸೆಲ್‌ನಲ್ಲಿ ಗೈರಾದ ಹುಡುಗನಿಗೆ 0 ಹಾಕಲಾ, ಖಾಲಿ ಬಿಡಲಾ?

ಖಾಲಿ ಬಿಡಿ. `AVERAGE` ಖಾಲಿ ಕೋಶವನ್ನು ಎಣಿಸುವುದಿಲ್ಲ, 0 ಇದ್ದರೆ ಎಣಿಸುತ್ತದೆ. ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಬರೆದು ಸರಾಸರಿ 60 ಬಂದಿದೆ. ಹತ್ತನೆಯವನಿಗೆ 0 ಹಾಕಿದರೆ ಅದೇ ಸರಾಸರಿ 54 ಆಗುತ್ತದೆ.

ಮುಂದಿನ ವಾರ ಅವನು ಪರೀಕ್ಷೆ ಬರೆದ. ಹತ್ತೂ ಮಂದಿಯ ಸರಾಸರಿ 62 ಅಂತ ಸಹೋದ್ಯೋಗಿ ಹೇಳಿದರು, ಅವನ ಅಂಕ ಹೇಳಲಿಲ್ಲ. ಅಂಕಗಳು `B2`ರಿಂದ `B11`ರವರೆಗೆ ಇದ್ದು ಅವನ ಕೋಶ ಖಾಲಿ ಇದ್ದರೆ ಹೀಗೆ ಬರೆಯಿರಿ:

```
=62*(COUNT(B2:B11)+1)-SUM(B2:B11)
```

620 − 540 = 80 ಬರುತ್ತದೆ. ಅವನ ಕೋಶದಲ್ಲಿ 0 ಇದ್ದರೆ `COUNT` 10 ಅನ್ನುತ್ತದೆ, ಸೂತ್ರ ಅದನ್ನು 11 ಮಾಡುತ್ತದೆ, ಉತ್ತರ 142 ಆಗುತ್ತದೆ. 100ಕ್ಕೆ 142! ಇಂಥದ್ದು ಬಂದಾಗ ಮೊದಲು ಸೊನ್ನೆಗಳನ್ನು ಹುಡುಕಿ.

ಆಫೀಸಿನಲ್ಲಿ ಸರಾಸರಿ ಸಂಬಳ ಮಾತ್ರ ಹೇಳ್ತಾರೆ. ಅದರಿಂದ ಯಾರ ಸಂಬಳವೂ ಹೊರಗೆ ಗೊತ್ತಾಗಲ್ಲ ತಾನೇ?

ಒಂದೇ ಸಲ ಹೇಳಿದರೆ ಗೊತ್ತಾಗಲ್ಲ. ಒಬ್ಬರು ಸೇರುವ ಮೊದಲು ಒಮ್ಮೆ, ಸೇರಿದ ಮೇಲೆ ಇನ್ನೊಮ್ಮೆ ಹೇಳಿದರೆ ಗೊತ್ತಾಗುತ್ತದೆ.

12 ಜನರ ವಿಭಾಗದಲ್ಲಿ ಸರಾಸರಿ 42,000 ರೂಪಾಯಿ. ಹೊಸಬರು ಒಬ್ಬರು ಬಂದರು, ಮುಂದಿನ ತಿಂಗಳು ಸರಾಸರಿ 43,000. ಬೇರೆ ಯಾರ ಸಂಬಳವೂ ಬದಲಾಗಿಲ್ಲ. 43,000 + 12 × 1,000 = 55,000. ಹೊಸಬರ ಸಂಬಳ ಕ್ಯಾಂಟೀನಿನಲ್ಲಿ ಕೂತವರಿಗೆಲ್ಲ ಗೊತ್ತಾಯಿತು. ಹಳೆಯ ಹನ್ನೆರಡು ಜನರ ಸಂಬಳ ಇನ್ನೂ ಗುಟ್ಟಾಗಿಯೇ ಇದೆ, ಬಯಲಾಗಿದ್ದು ಬಂದವರದ್ದು ಮಾತ್ರ.

ಇಂಥ ಪಟ್ಟಿ ಹೊರಗೆ ಕೊಡುವ ಕೆಲಸ ನಿಮ್ಮದಾಗಿದ್ದರೆ ಬ್ರಾಡ್ಮನ್ ಲೆಕ್ಕದಲ್ಲಿ ತೊಂದರೆ ಕೊಟ್ಟ ಆ ಬಾಲ ಕತ್ತರಿಸುವಿಕೆಯನ್ನೇ ಇಲ್ಲಿ ಉಪಯೋಗಕ್ಕೆ ತಂದುಕೊಳ್ಳಬಹುದು. ಸರಾಸರಿಯನ್ನು ಹತ್ತಿರದ ಸಾವಿರಕ್ಕೆ ತಂದು ಕೊಡಿ. ಆಗ ಪ್ರತಿ ಸರಾಸರಿಯಲ್ಲೂ 500 ರೂಪಾಯಿ ಆಚೀಚೆ ಇರಬಹುದು. 13ರಿಂದ ಒಂದು, 12ರಿಂದ ಒಂದು ಗುಣಿಸಿದರೆ ಎರಡೂ ಸೇರಿ 12,500. ಹೊಸಬರ ಸಂಬಳ 42,500ರಿಂದ 67,500ರೊಳಗೆ ಎಲ್ಲೋ ಇದೆ ಅನ್ನುವಷ್ಟೇ ಹೊರಗಿನವರಿಗೆ ತಿಳಿಯುತ್ತದೆ. ಇಬ್ಬರು ಮೂವರು ಸೇರುವವರೆಗೆ ಕಾದು ಹೊಸ ಸರಾಸರಿ ಹೇಳಿದರೆ ಇನ್ನೂ ಒಳ್ಳೆಯದು. ಆಗ ಸಿಗುವುದು ಅವರೆಲ್ಲರ ಸಂಬಳದ ಮೊತ್ತ ಮಾತ್ರ.